ಸಕ್ಕರೆಯ ಜೊತೆ ಶ್ಯಾವಿಗೆ: ಸರಾಸರಿ ಬಿಲ್ ಕುರಿತ ಒಂದು ಪಾಠ, ಎರಡು ಬಾರಿ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ಭಾಗವನ್ನು ಪಾಠ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಚಿಲ್ಲರೆ ವ್ಯಾಪಾರದ ಬಗ್ಗೆ ಹೇಳುವಾಗ ಊರಿನದೇ ಒಂದು ಉದಾಹರಣೆ ಇರಲಿ ಎಂದುಕೊಂಡು ಶಾಲೆಯ ಎದುರಿನ ದಿನಸಿ ಅಂಗಡಿಗೆ ಹೋದೆ. ಅಲ್ಲಿ ಚಿಕ್ಕದೊಂದು ಬಿಲ್ಲಿಂಗ್ ಯಂತ್ರವಿದೆ. ಪ್ರತಿ ಗಿರಾಕಿಗೂ ಬಿಲ್ ಹಾಕುತ್ತಾರೆ, ವಾರದ ಲೆಕ್ಕ ಸುಲಭವಾಗಿ ಸಿಗುತ್ತದೆ. ಅಂಗಡಿಯವರು ಆಗಷ್ಟೇ ಒಂದು ಪ್ರಯತ್ನ ಮಾಡಿ ಮುಗಿಸಿದ್ದರು. ಶ್ಯಾವಿಗೆ ಪೊಟ್ಟಣಗಳು ಹೋಗದೆ ಕೂತಿದ್ದವು. ಅರ್ಧ ಕಿಲೋ ಸಕ್ಕರೆಯ ಜೊತೆ ಒಂದು ಪೊಟ್ಟಣ ಶ್ಯಾವಿಗೆ ಸೇರಿಸಿ ಕಡಿಮೆ ಬೆಲೆಗೆ ಒಂದು ವಾರ ಮಾರಿದ್ದರು. ಸಕ್ಕರೆ ಎಲ್ಲರೂ ಕೊಳ್ಳುವ ಸಾಮಾನು, ಶ್ಯಾವಿಗೆಗೆ ಕೇಳುವವರು ಕಡಿಮೆ. ಪಾಯಸಕ್ಕೆ ಎರಡೂ ಬೇಕು. ಜೋಡಿ ಸರಿಯಾಗಿಯೇ ಇತ್ತು.

ಅವರು ಕೊಟ್ಟ ಲೆಕ್ಕವನ್ನು ನೂರು ಇನ್ನೂರರ ಹತ್ತಿರಕ್ಕೆ ಸರಿಪಡಿಸಿಕೊಂಡು ಪಾಠಯೋಜನೆ ಬರೆದೆ. ಜೋಡಿಗೆ ಮೊದಲಿನ ವಾರ 400 ಬಿಲ್‌ಗಳಿಗೆ 72,000 ರೂ. ವ್ಯಾಪಾರ, ಅಂದರೆ ಸರಾಸರಿ ಬಿಲ್ 180 ರೂ. ಜೋಡಿ ಮಾರಿದ ವಾರ 360 ಬಿಲ್‌ಗಳಿಗೆ 70,200 ರೂ., ಸರಾಸರಿ 195 ರೂ. ಯೋಜನೆಯಲ್ಲಿ ನಾನು ಬರೆದುಕೊಂಡ ಉದ್ದೇಶ ಒಂದೇ: ವಿದ್ಯಾರ್ಥಿಗಳು ಎರಡೂ ವಾರಗಳ ಸರಾಸರಿ ಬಿಲ್ ಕಂಡುಹಿಡಿದು, ಜೋಡಿ ಮಾರಾಟದಿಂದ ಅದು ಹೆಚ್ಚಿತೆಂದು ಗುರುತಿಸುವರು.

ಮಕ್ಕಳು ಭಾಗಾಕಾರ ಚೆನ್ನಾಗಿಯೇ ಮಾಡಿದರು. ಕಪ್ಪುಹಲಗೆಯ ಮೇಲೆ ‘15 ರೂ. ಹೆಚ್ಚಳ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆಗ ಮೂರನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಮನೆಯಲ್ಲೂ ಸಣ್ಣ ಅಂಗಡಿ ಇದೆಯೆಂದು ಆಮೇಲೆ ತಿಳಿಯಿತು.

“ಸರ್, ವ್ಯಾಪಾರ ಸಾವಿರದ ಎಂಟುನೂರು ಕಮ್ಮಿ ಆಗಿದೆಯಲ್ಲ. ಮತ್ತೆ ಹೆಚ್ಚಾಯ್ತು ಅಂತೀರಲ್ಲ?”

ನನ್ನ ಹತ್ತಿರ ಉತ್ತರವಿರಲಿಲ್ಲ. ‘ಗಿರಾಕಿಗಳು ಕಡಿಮೆ ಬಂದಿರಬೇಕು, ನಮಗೆ ಬೇಕಾದದ್ದು ಸರಾಸರಿ’ ಎಂದು ಹೇಳಿ ಮುಂದೆ ಹೋದೆ. ಹಿಂದೆ ಕೂತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: ‘ವಿದ್ಯಾರ್ಥಿನಿಯ ಪ್ರಶ್ನೆಯೇ ಪಾಠವಾಗಬೇಕಿತ್ತು. ಮತ್ತೆ ತೆಗೆದುಕೊಳ್ಳಿ.’

ಸಂಜೆ ಅಂಗಡಿಗೆ ಹೋಗಿ ವಿಚಾರಿಸಿದೆ. ಆ ವಾರ ಸಕ್ಕರೆಯನ್ನೆಲ್ಲ ಅರ್ಧ ಕಿಲೋ ಲೆಕ್ಕದಲ್ಲಿ ಶ್ಯಾವಿಗೆಯ ಜೊತೆಗೇ ಕಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕ ಜೋಡಿಸಿಟ್ಟಿದ್ದರಂತೆ. ಕೆಲಸದ ಹುಡುಗ ಕಾಲು ಕಿಲೋ ಸಕ್ಕರೆ ಕೇಳಿದವರಿಗೂ “ಬರೀ ಸಕ್ಕರೆ ಇಲ್ಲ, ಇದನ್ನೇ ತಗೊಳ್ಳಿ” ಎಂದಿದ್ದಾನೆ. ಕಾಲು ಕಿಲೋ ಸಕ್ಕರೆ, ಒಂದು ಸಣ್ಣ ಚಹಾಪುಡಿ ಪೊಟ್ಟಣ, ಎರಡು ಬಿಸ್ಕತ್ತು ಕೊಳ್ಳಲು ಬರುವವರು ಮುಂದಿನ ಅಂಗಡಿಗೆ ನಡೆದಿದ್ದಾರೆ. “ನಂಗೂ ಆಮೇಲೆ ಗೊತ್ತಾಯ್ತು ಮೇಷ್ಟ್ರೇ, ಅವನಿಗೆ ಬೈದೆ” ಎಂದರು ಅಂಗಡಿಯವರು. ಹುಡುಗನ ತಪ್ಪಿಗಿಂತ ಕಟ್ಟಿಟ್ಟವರ ತಪ್ಪು ದೊಡ್ಡದು ಎಂದು ನನಗನಿಸಿತು, ಹೇಳಲಿಲ್ಲ. ಒಂದನ್ನು ಕೊಂಡರೆ ಮಾತ್ರ ಇನ್ನೊಂದು ಕೊಡುತ್ತೇನೆ ಎಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಇದು ಮಾತ್ರ ಅವರಿಗೆ ತಿಳಿಸಬೇಕಾದ ವಿಷಯವಾಗಿತ್ತು, ತಿಳಿಸಿದೆ.

ಎರಡನೆಯ ಬಾರಿ ಅದೇ ತರಗತಿಗೆ ಹೋದಾಗ ಸರಾಸರಿಯಿಂದ ಶುರು ಮಾಡಲಿಲ್ಲ. ಬಿಲ್‌ಗಳನ್ನು 100 ರೂಪಾಯಿಗಿಂತ ಕಡಿಮೆಯವು, 100 ಮತ್ತು ಅದಕ್ಕಿಂತ ಹೆಚ್ಚಿನವು ಎಂದು ಎರಡು ಗುಂಪು ಮಾಡಿ ಹಲಗೆಯ ಮೇಲೆ ಬರೆದೆ. ಮೊದಲ ವಾರ 150 ಸಣ್ಣ ಬಿಲ್‌ಗಳಿಂದ 9,000 ರೂ., 250 ದೊಡ್ಡ ಬಿಲ್‌ಗಳಿಂದ 63,000 ರೂ. ಜೋಡಿಯ ವಾರ ಸಣ್ಣ ಬಿಲ್‌ಗಳು 110 ಮಾತ್ರ, ಅವುಗಳಿಂದ 6,600 ರೂ. ದೊಡ್ಡವು ಮತ್ತೆ 250, ಅವುಗಳಿಂದ 63,600 ರೂ. ಏನು ಬದಲಾಯಿತು ಎಂದು ಕೇಳಿದೆ. ನಲವತ್ತು ಸಣ್ಣ ಬಿಲ್ ಕಾಣೆಯಾಗಿವೆ ಎಂದು ನಾಲ್ಕೈದು ಮಕ್ಕಳು ಒಟ್ಟಿಗೆ ಹೇಳಿದರು.

ಮುಂದಿನ ಪ್ರಶ್ನೆ ಇದು: ಜೋಡಿಯನ್ನು ಯಾರೂ ಕೊಳ್ಳದೆ, ಈ ನಲವತ್ತು ಜನ ಮಾತ್ರ ಬರದೆ ಹೋಗಿದ್ದರೆ ಸರಾಸರಿ ಎಷ್ಟಾಗುತ್ತಿತ್ತು? ಸಣ್ಣ ಬಿಲ್ ಒಂದಕ್ಕೆ 60 ರೂ. ಲೆಕ್ಕದಲ್ಲಿ 2,400 ರೂ. ಹೋಯಿತು. ಉಳಿದ 69,600 ರೂಪಾಯಿಯನ್ನು 360ರಿಂದ ಭಾಗಿಸಿದರೆ 193 ರೂ. ಚಿಲ್ಲರೆ. ನಾನು ಗೆರೆ ಎಳೆದು ತೋರಿಸಿದ್ದ ಹದಿನೈದು ರೂಪಾಯಿಯಲ್ಲಿ ಹದಿಮೂರಕ್ಕೂ ಹೆಚ್ಚು ಬಂದದ್ದು ಗಿರಾಕಿಗಳನ್ನು ಕಳೆದುಕೊಂಡದ್ದರಿಂದ. ಜೋಡಿಯ ಪಾಲು ಎರಡು ರೂಪಾಯಿಯೂ ಇಲ್ಲ. ತರಗತಿಯಲ್ಲಿ ಕುಳ್ಳಗಿರುವ ಹತ್ತು ಜನ ಹೊರಗೆ ಹೋದರೆ ಉಳಿದವರು ಯಾರೂ ಬೆಳೆಯದೆಯೇ ಸರಾಸರಿ ಎತ್ತರ ಏರುತ್ತದೆ. ಈ ಹೋಲಿಕೆ ಕೊಟ್ಟವನು ಹಿಂದಿನ ಬೆಂಚಿನ ಹುಡುಗ, ನಾನಲ್ಲ.

ಇಷ್ಟಾದ ಮೇಲೆ ಮಕ್ಕಳು ಸುಮ್ಮನಿರಲಿಲ್ಲ. ನಾವೇ ಒಂದು ಜೋಡಿ ಮಾಡಿ ನೋಡೋಣ ಎಂದರು. ಅಂಗಡಿಯವರು ಒಪ್ಪಿದರು. ಗುಂಪು ಚಟುವಟಿಕೆಯಲ್ಲಿ ಜೋಡಿಗಳ ಪಟ್ಟಿ ಮಾಡಿಸಿದಾಗ ಒಂದು ಗುಂಪು ಸಕ್ಕರೆಗೆ ಫಿನಾಯಿಲ್ ಕಟ್ಟಿತ್ತು. ‘ಎರಡು ದಿನದಲ್ಲಿ ಸಕ್ಕರೆ ವಾಸನೆ ಹಿಡಿಯುತ್ತೆ’ ಎಂದು ಅಂಗಡಿ ಮನೆಯ ಹುಡುಗಿ ಅದನ್ನು ತಳ್ಳಿಹಾಕಿದಳು. ಒಂದೇ ಅಡುಗೆಗೆ ಬೇಕಾಗುವಂಥವು ಇರಬೇಕು ಎಂದು ಕೊನೆಗೆ ಸಕ್ಕರೆ, ಶ್ಯಾವಿಗೆಗೇ ಮರಳಿದರು.

ಬೆಲೆ ನಿಗದಿ ಮಾಡುವುದಕ್ಕೆ ಅರ್ಧ ಅವಧಿ ಹಿಡಿಯಿತು, ಅದು ವ್ಯರ್ಥವಾಗಲಿಲ್ಲ. ಅರ್ಧ ಕಿಲೋ ಸಕ್ಕರೆಯ ಮಾರಾಟ ಬೆಲೆ 23 ರೂ., ಅಂಗಡಿಗೆ ಬಿದ್ದ ಬೆಲೆ 21 ರೂ. 50 ಪೈಸೆ. ಶ್ಯಾವಿಗೆ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ 40 ರೂ., ಬಿದ್ದ ಬೆಲೆ 32 ರೂ. ಬೇರೆ ಬೇರೆ ಕೊಂಡರೆ ಗಿರಾಕಿಗೆ 63 ರೂ., ಅಂಗಡಿಗೆ ಒಂಬತ್ತೂವರೆ ರೂ. ಲಾಭ. ಒಬ್ಬ ಹುಡುಗ ಹತ್ತು ರೂಪಾಯಿ ಬಿಡೋಣ ಎಂದ. ಹಾಗೆ ಬಿಟ್ಟರೆ ಪ್ರತಿ ಜೋಡಿಗೂ ಕೈಯಿಂದ ಐವತ್ತು ಪೈಸೆ ಹೋಗುತ್ತದೆ. ಸಕ್ಕರೆಯಂಥ ಬೇಗ ಹೋಗುವ ಸಾಮಾನಿನಲ್ಲಿ ಲಾಭ ತೀರಾ ತೆಳುವಾಗಿರುವುದರಿಂದ ರಿಯಾಯಿತಿಯೆಲ್ಲ ಶ್ಯಾವಿಗೆಯ ಎಂಟು ರೂಪಾಯಿಯಿಂದಲೇ ಬರಬೇಕು. ಕೊನೆಗೆ 58 ರೂ. ಎಂದು ನಿರ್ಧಾರವಾಯಿತು. ಅಂಗಡಿಯವರು ಹಿಂದೆ ಇಟ್ಟಿದ್ದ ಬೆಲೆಯೂ ಅದೇ.

ಇಲ್ಲಿ ನಾನು ನಿಲ್ಲಿಸಿ ಇಬ್ಬರು ಗಿರಾಕಿಗಳನ್ನು ಹಲಗೆಯ ಮೇಲೆ ತಂದೆ. ಮೊದಲನೆಯವರು ಬರೀ ಸಕ್ಕರೆಗೆ ಬಂದವರು. ಅವರಿಂದ ಒಂದೂವರೆ ರೂಪಾಯಿ ಸಿಗುತ್ತಿತ್ತು, ಜೋಡಿ ಕೊಂಡರೆ ನಾಲ್ಕೂವರೆ ಸಿಗುತ್ತದೆ. ಅಂಗಡಿಗೆ 3 ರೂ. ಹೆಚ್ಚು. ಎರಡನೆಯವರು ಹೇಗಿದ್ದರೂ ಎರಡನ್ನೂ ಕೊಳ್ಳುವವರು. ಅವರಿಂದ ಒಂಬತ್ತೂವರೆ ಸಿಗುತ್ತಿತ್ತು, ಈಗ ನಾಲ್ಕೂವರೆ. ಅಂಗಡಿಗೆ 5 ರೂ. ಕಡಿಮೆ. ಎಂಟು ಜೋಡಿ ಮಾರಿದರೆ ಅದರಲ್ಲಿ ಎರಡನೆಯ ಬಗೆಯವರು ಮೂವರಿದ್ದರೆ ಲಾಭ ನಷ್ಟ ಸಮ, ನಾಲ್ವರಾದರೆ ನಷ್ಟ. ಹೋಗದ ಮಾಲನ್ನೇ ಜೋಡಿಗೆ ಆರಿಸಬೇಕಾದ ಕಾರಣ ಇಲ್ಲಿದೆ. ಅದನ್ನು ತಾವಾಗಿ ಕೇಳಿ ಕೊಳ್ಳುವವರು ಕಡಿಮೆ, ಆದ್ದರಿಂದ ಸುಮ್ಮಸುಮ್ಮನೆ ರಿಯಾಯಿತಿ ಪಡೆಯುವವರೂ ಕಡಿಮೆ. ಎರಡು ಚೆನ್ನಾಗಿ ಹೋಗುವ ಸಾಮಾನುಗಳನ್ನು ಜೋಡಿಸಿದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಈ ಬಾರಿ ಸಕ್ಕರೆಯನ್ನು ಮೊದಲೇ ಕಟ್ಟಿಡಲಿಲ್ಲ. ಶ್ಯಾವಿಗೆಯನ್ನು ಸಕ್ಕರೆ ಡಬ್ಬದ ಪಕ್ಕದಲ್ಲಿಟ್ಟು, ಎರಡೂ ಸೇರಿ 58, ಬಿಡಿಯಾಗಿಯೂ ಸಿಗುತ್ತದೆ ಎಂದು ಮಕ್ಕಳು ಬರೆದ ರಟ್ಟನ್ನು ತೂಗುಹಾಕಿದೆವು. ಶುರುವಿನಲ್ಲಿ 48 ಪೊಟ್ಟಣ ಇದ್ದವು. ವಾರದ ಕೊನೆಗೆ 30 ಜೋಡಿ ಹೋಗಿದ್ದವು, ಬಿಲ್‌ಗಳು 400ರ ಆಸುಪಾಸಿನಲ್ಲೇ ಉಳಿದವು. ಮಾಮೂಲಿ ವಾರದಲ್ಲಿ ಶ್ಯಾವಿಗೆ ಆರು ಪೊಟ್ಟಣ ಹೋಗುತ್ತಿತ್ತು. ಆ ಆರು ಜನರೂ ಜೋಡಿಯನ್ನೇ ಕೊಂಡರು, ಉಳಿದ 24 ಜನ ಬರೀ ಅರ್ಧ ಕಿಲೋ ಸಕ್ಕರೆಗೆ ಬಂದವರು ಎಂದು ಹಿಡಿದೆವು. 24 ಜನರಿಂದ 72 ರೂ. ಬಂತು, ಆರು ಜನರಿಂದ 30 ರೂ. ಹೋಯಿತು, ಉಳಿದದ್ದು 42 ರೂ. ಸರಾಸರಿ ಬಿಲ್ 180ರಿಂದ 182ಕ್ಕೆ ಏರಿತು.

“ಅಷ್ಟೇನಾ ಸರ್?” ಎಂದು ಮಕ್ಕಳ ಮುಖ ಸಪ್ಪಗಾಯಿತು. ನನಗೂ ಹಾಗೇ ಆಗಿತ್ತು. ಆದರೂ ಇನ್ನೆರಡು ವಾರ ಲೆಕ್ಕ ಇಡಿ ಎಂದೆ. ಇದನ್ನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ, ಅಂಗಡಿಯವರು ಹೇಳಿದ ಮಾತಿನಿಂದ ಹೊಳೆದದ್ದು: ಮನೆಯಲ್ಲಿ ಶ್ಯಾವಿಗೆ ಇರುವಾಗ ಯಾರು ಮತ್ತೆ ಕೊಳ್ಳುತ್ತಾರೆ? ಹಾಗೆಯೇ ಆಯಿತು. ಮುಂದಿನ ವಾರ ಎರಡು ಪೊಟ್ಟಣ, ಅದರ ಮುಂದಿನ ವಾರ ಮೂರು. ಮಾಮೂಲಿನಂತೆ ಹನ್ನೆರಡು ಹೋಗಬೇಕಿತ್ತು, ಐದು ಹೋಯಿತು. ಕಡಿಮೆಯಾದ ಏಳಕ್ಕೆ ಎಂಟು ರೂಪಾಯಿಯಂತೆ 56 ರೂ. ಲಾಭ ತಪ್ಪಿತು. ಬಂದಿದ್ದ 42 ಅದರಲ್ಲೇ ಕರಗಿ ಮೇಲೆ 14 ರೂ. ನಷ್ಟ.

ಹಾಗಾದರೆ ಈ ಜೋಡಿ ಮಾಡಲೇಬಾರದಿತ್ತೇ ಎಂಬ ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಉತ್ತರ ಪೊಟ್ಟಣದ ಮೇಲೆ ಇತ್ತು. ಶ್ಯಾವಿಗೆಯ ಬಳಕೆಯ ಅವಧಿ ನಾವು ಶುರು ಮಾಡಿದ ದಿನದಿಂದ ಐದು ವಾರಕ್ಕೆ ಮುಗಿಯುತ್ತಿತ್ತು, ಏಜೆನ್ಸಿಯವರು ವಾಪಸು ತೆಗೆದುಕೊಳ್ಳುವವರಲ್ಲ. ವಾರಕ್ಕೆ ಆರರಂತೆ ಹೋಗಿದ್ದರೆ ಐದು ವಾರಕ್ಕೆ ಮೂವತ್ತು. ಉಳಿದ 18 ಪೊಟ್ಟಣಗಳ ಅಸಲು 576 ರೂ. ಎಸೆಯಬೇಕಾಗುತ್ತಿತ್ತು. ಈಗ ಮೂರು ವಾರದಲ್ಲಿ 35 ಹೋಗಿ 13 ಉಳಿದಿವೆ, ಎರಡು ವಾರ ಕೈಯಲ್ಲಿದೆ. 14 ರೂ. ಕೊಟ್ಟು ಹೆಚ್ಚುಕಡಿಮೆ ಐನೂರು ರೂಪಾಯಿ ಉಳಿಸಿಕೊಂಡಂತಾಯಿತು. ಸರಾಸರಿ ಬಿಲ್‌ನಲ್ಲಿ ಈ ಐನೂರು ಎಲ್ಲಿಯೂ ಕಾಣುವುದಿಲ್ಲ.

ಎರಡನೆಯ ಪಾಠಯೋಜನೆಯ ಉದ್ದೇಶವನ್ನು ಹೀಗೆ ತಿದ್ದಿದ್ದೇನೆ: ವಿದ್ಯಾರ್ಥಿಗಳು ಸರಾಸರಿ ಬಿಲ್‌ನ ಜೊತೆಗೆ ಬಿಲ್‌ಗಳ ಸಂಖ್ಯೆ, ಲಾಭ ಮತ್ತು ಮುಂದಿನ ಎರಡು ವಾರಗಳ ಮಾರಾಟವನ್ನು ನೋಡಿ ಜೋಡಿ ಮಾರಾಟದ ಬಗ್ಗೆ ತೀರ್ಮಾನ ಹೇಳುವರು. ಇದಕ್ಕೆ ಒಂದು ಅವಧಿ ಸಾಲದು, ಮೂರಾದರೂ ಬೇಕು, ಮಧ್ಯೆ ವಾರಗಳ ಬಿಡುವೂ ಬೇಕು. ಹಬ್ಬದ ವಾರವನ್ನು ಆರಿಸಬೇಡಿ. ಆಗ ಶ್ಯಾವಿಗೆ ತಾನಾಗಿಯೇ ಹೋಗುತ್ತದೆ, ಯಾರು ಜೋಡಿಯಿಂದ ಕೊಂಡರು, ಯಾರು ಪಾಯಸಕ್ಕೆಂದೇ ಬಂದರು ಎಂಬುದು ಬೇರೆ ಮಾಡಲಾಗದು. ಬಿಲ್ ಕೊಡದ ಅಂಗಡಿಯಾದರೆ ಮಕ್ಕಳು ಸಂಜೆ ಎರಡು ತಾಸು ನಿಂತು, 100 ರೂಪಾಯಿಗೆ ಕೆಳಗೆ, ಮೇಲೆ ಎಂದು ಗೀಟು ಹಾಕಿಕೊಂಡರೂ ಮೊದಲ ಭಾಗದ ಪಾಠ ನಡೆಯುತ್ತದೆ. ಅಂಗಡಿಯವರು ಈಗ ಉಳಿದ 13 ಪೊಟ್ಟಣಗಳಿಗೆ ಏನು ಮಾಡಲಿ ಎಂದು ಆ ಹುಡುಗಿಯನ್ನೇ ಕೇಳಿದ್ದಾರೆ. ವಾರಕ್ಕೆ ಆರರಂತೆ ಹೋದರೆ ಒಂದೇ ಉಳಿಯುತ್ತೆ, ಬೆಲೆ ಇಳಿಸಬೇಡಿ ಎಂದು ಹೇಳಿ ಬಂದಿದ್ದಾಳೆ.