ಮೊದಲು ದೊಡ್ಡ ಮೂಲೆ, ಕೊನೆಗೆ ಚ್ಯಾಂಫರ್

ಪ್ರಶ್ನೆ: ಫ್ರೀಕ್ಯಾಡ್‌ನಲ್ಲಿ 60×40×20 ಮಿ.ಮೀ. ಮುಚ್ಚಳವೊಂದನ್ನು 2 ಮಿ.ಮೀ. ಗೋಡೆ ಉಳಿಸಿ ಟೊಳ್ಳಾಗಿಸಿದ ಮೇಲೆ ಲಂಬ ಮೂಲೆಗಳಿಗೆ 5, ಮೇಲಂಚಿಗೆ 6 ಮಿ.ಮೀ. ಫಿಲೆಟ್ ಕೊಟ್ಟರೆ ದೋಷ ಬರುತ್ತದೆ. ಏನು ಮಾಡಲಿ?

ಉತ್ತರ: ಫಿಲೆಟ್ ಎಂದರೆ ಅಂಚನ್ನು ದುಂಡಾಗಿಸುವುದು, ಚ್ಯಾಂಫರ್ ಎಂದರೆ ಅದನ್ನು ಓರೆಯಾಗಿ ಕತ್ತರಿಸುವುದು. ಮೇಲಂಚಿನ ಫಿಲೆಟ್ ಮೂಲೆಯ ಬಾಗನ್ನು ಒಳಕ್ಕೆ ಸರಿಸುವುದರಿಂದ, 5 ಮಿ.ಮೀ. ತ್ರಿಜ್ಯದ ಬಾಗಿನಲ್ಲಿ 6 ಮಿ.ಮೀ. ಸರಿಯಲು ಜಾಗವಿರುವುದಿಲ್ಲ; ಆದ್ದರಿಂದ ತಾವು ಮೇಲಂಚನ್ನು 3ಕ್ಕೆ ಇಳಿಸಬೇಕು ಅಥವಾ ಮೂಲೆಯನ್ನು 8ಕ್ಕೆ ಏರಿಸಬೇಕು.

ಅನುಕ್ರಮವೂ ತಿರುಗುಮುರುಗಾಗಿದೆ. ಘನ ರೂಪದಲ್ಲಿಯೇ ಮೊದಲು ಲಂಬ ಮೂಲೆಗಳಿಗೂ ನಂತರ ಮೇಲಂಚಿಗೂ ಫಿಲೆಟ್ ಕೊಟ್ಟು, ಆಮೇಲೆ Thickness ಆಜ್ಞೆಯಿಂದ ಒಳಮುಖವಾಗಿ ಟೊಳ್ಳಾಗಿಸಿದರೆ, 5 ಮತ್ತು 3ರ ಹೊರ ಬಾಗುಗಳಿಗೆ ಒಳಗಡೆ 3 ಮತ್ತು 1 ಮಿ.ಮೀ. ಬಾಗುಗಳು ತಾವಾಗಿಯೇ ಒದಗಿ, ಗೋಡೆ ಎಲ್ಲೆಡೆ ಸಮನಾಗಿರುತ್ತದೆ. ಟೊಳ್ಳಾಗಿಸಿದ ಬಳಿಕ ಹೊರಮೂಲೆಗೆ 5 ಕೊಟ್ಟರೆ, ಫಿಲೆಟ್ ಯಶಸ್ವಿಯಾದರೂ ಚೂಪಾದ ಒಳಮೂಲೆಯ ಬಳಿ ಉಳಿಯುವ ಗೋಡೆ ಸುಮಾರು 0.76 ಮಿ.ಮೀ. ಮಾತ್ರ, ಕಾಣದ ಈ ದೋಷವೇ ಹೆಚ್ಚು ದುಬಾರಿ. ತೆರೆದ ಬಾಯಿಯ 0.5 ಮಿ.ಮೀ. ಚ್ಯಾಂಫರ್ ಕೊನೆಗಿರಲಿ.

ಮತ್ತೆ ವಿಫಲವಾದರೆ ತ್ರಿಜ್ಯವನ್ನು 0.1ಕ್ಕೆ ಇಳಿಸಿ ನೋಡಬೇಕು: ಆಗ ಸಫಲವಾದರೆ ಸಾಮಾನ್ಯವಾಗಿ ಜಾಗದ ಕೊರತೆಯೇ ಕಾರಣ, ಆಗಲೂ ವಿಫಲವಾದರೆ ಹಿಂದಿನ ಬದಲಾವಣೆಯಿಂದ ಅಂಚಿನ ಗುರುತು ತಪ್ಪಿರುವ ಸಂಭವ ಹೆಚ್ಚಾದ್ದರಿಂದ, ಅಂಚನ್ನು ಹೊಸದಾಗಿ ಆರಿಸಬೇಕು. ಮುಚ್ಚಳವನ್ನು ಅಚ್ಚಿನಲ್ಲಿ ಎರಕ ಹೊಯ್ಯಿಸುವುದಾದರೆ, ಗೋಡೆಗಳಿಗೆ ಬೇಕಾದ ಡ್ರಾಫ್ಟ್, ಅಂದರೆ ಅಚ್ಚಿನಿಂದ ಬಿಡಿಸಲು ಕೊಡುವ ಇಳಿಜಾರು, ಫಿಲೆಟ್‌ಗಳಿಗಿಂತ ಮೊದಲೇ ಸೇರಬೇಕಾದ್ದರಿಂದ, ಅಚ್ಚು ತಯಾರಕರನ್ನು ಮುಂಚಿತವಾಗಿಯೇ ಕಾಣುವುದು ಒಳಿತು.