ಒಂದು ಕೆಂಪು ಗೆರೆ, ನಾಲ್ಕು ಲ್ಯಾಟಿನ್ ನುಡಿಗಟ್ಟುಗಳು

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವೊಂದನ್ನು ವೀಕ್ಷಿಸಿದೆ. ಪ್ರಶಿಕ್ಷಣಾರ್ಥಿಯು ಪರ್ ಸೆಂಟ್, ಪರ್ ಸೇ, ವೈಸ್ ವರ್ಸಾ, ಅಡ್ ಹಾಕ್ ಎಂಬ ನಾಲ್ಕನ್ನೂ ವಾಕ್ಯಗಳಲ್ಲಿಟ್ಟು ಉಕ್ತಲೇಖನ ಕೊಟ್ಟಿದ್ದರು. ತಿದ್ದಿದ ಪುಸ್ತಕಗಳನ್ನು ತಿರುವಿ ಹಾಕಿದಾಗ ಎರಡು ಸಂಗತಿ ಕಂಡವು. ಪರ್ ಸೆಂಟ್ ಅನ್ನು ಕೂಡಿಸಿ ಒಂದೇ ಪದವಾಗಿ ಬರೆದ ಹುಡುಗಿಗೆ ಕೆಂಪು ಗೆರೆ ಬಿದ್ದು ಅರ್ಧ ಅಂಕ ಹೋಗಿತ್ತು. ಪರ್ ಸೇಯಲ್ಲಿ ‘ಸೇ’ಯನ್ನು ಎಸ್-ಎ-ವೈ ಎಂದು ಬರೆದ ಹುಡುಗನಿಗೆ ಸರಿ ಗುರುತು ಸಿಕ್ಕಿತ್ತು. “ಮಿಸ್, ಕೂಡಿಸಿ ಬರೆದದ್ದನ್ನು ನಾನು ಪುಸ್ತಕದಲ್ಲೇ ನೋಡಿದ್ದೇನೆ” ಎಂದು ಹುಡುಗಿ ಹೇಳಿದ್ದಳಂತೆ. ಅವಳ ಮಾತು ನಿಜವೇ. ಇಲ್ಲಿ ತಪ್ಪಿದ್ದು ತಿದ್ದಿದವರು.

ಮೊದಲು ಪರ್ ಸೆಂಟ್ ನೋಡೋಣ. ಇದರ ಮೂಲ ‘ಪರ್ ಸೆಂಟುಮ್’, ಎಂದರೆ ‘ನೂರಕ್ಕೆ’. ನಮ್ಮ ‘ಪ್ರತಿಶತ’ದ ಕಟ್ಟಣೆಯೂ ಇದೇ: ಪರ್ ಇರುವಲ್ಲಿ ಪ್ರತಿ, ಸೆಂಟುಮ್ ಇರುವಲ್ಲಿ ಶತ. ಶತ ಮತ್ತು ಸೆಂಟುಮ್ ಒಂದೇ ಮೂಲದಿಂದ ಬಂದ ಪದಗಳೆಂದು ಭಾಷಾವಿಜ್ಞಾನ ಹೇಳುತ್ತದೆ. ಹಲಗೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದರೆ ಮಕ್ಕಳಿಗೆ ಅರ್ಥ ತಾನಾಗಿ ಹೊಳೆಯುತ್ತದೆ. ಬ್ರಿಟಿಷ್ ಬಳಕೆಯಲ್ಲಿ ಇದನ್ನು ಹೆಚ್ಚಾಗಿ ಬಿಡಿಸಿ, ಅಮೆರಿಕನ್ ಬಳಕೆಯಲ್ಲಿ ಕೂಡಿಸಿ ಬರೆಯುತ್ತಾರೆ. ಸೆಂಟುಮ್‌ನ ಸಂಕ್ಷೇಪವೆಂದು ಹಿಂದೆ ಕೊನೆಯಲ್ಲಿ ಚುಕ್ಕೆ ಇಡುತ್ತಿದ್ದರು. ಈಗ ಅದು ಬೇಕಿಲ್ಲ. ಆದರೆ ಪರ್ಸೆಂಟೇಜ್ ಎಲ್ಲೆಡೆಯೂ ಒಂದೇ ಪದ. ಹೀಗಾಗಿ ತಿದ್ದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಗು ತನ್ನ ಬರಹದುದ್ದಕ್ಕೂ ಒಂದೇ ರೂಪವನ್ನು ಉಳಿಸಿಕೊಂಡಿದೆಯೇ? ಒಂದು ಸಾಲಿನಲ್ಲಿ ಕೂಡಿಸಿ ಮುಂದಿನ ಸಾಲಿನಲ್ಲಿ ಬಿಡಿಸಿದ್ದರೆ ಅದನ್ನು ಗುರುತಿಸಿ.

ಪರ್ ಸೇಯ ಸಂಗತಿ ಬೇರೆ. ಇಲ್ಲಿ ‘ಸೇ’ ಎಂದರೆ ‘ತನ್ನನ್ನು’. ಇಡೀ ನುಡಿಗಟ್ಟಿನ ಅರ್ಥ ‘ತನ್ನಷ್ಟಕ್ಕೆ ತಾನೇ’. ಎಸ್-ಇ ಎಂಬ ಎರಡೇ ಅಕ್ಷರ. ಹೇಳು ಎಂಬ ಅರ್ಥದ ಇಂಗ್ಲಿಷ್ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿವಿಗೆ ಎರಡೂ ಒಂದೇ ಆಗಿ ಕೇಳಿಸುವುದರಿಂದ ಉಕ್ತಲೇಖನದಲ್ಲಿ ಈ ತಪ್ಪು ಬರುತ್ತದೆ. ಎರಡು ದೇಶಗಳ ರೂಢಿಯ ನೆಪ ಇದಕ್ಕಿಲ್ಲ, ಇದು ತಪ್ಪೇ.

ವೈಸ್ ವರ್ಸಾದಲ್ಲಿ ಮಕ್ಕಳು ಮೊದಲ ಪದವನ್ನು ವೀಸಾದ ಕಾಗುಣಿತದಲ್ಲಿ ಬರೆಯುವುದುಂಟು. ಮೊದಲ ಪದ ವಿ-ಐ-ಸಿ-ಇ ಎಂದು ನೆನಪಿಡಲು ಅವರಿಗೆ ಗೊತ್ತಿರುವ ವೈಸ್ ಪ್ರಿನ್ಸಿಪಾಲರನ್ನೇ ಕರೆತನ್ನಿ. ‘ಬದಲಿಗೆ’ ಎಂಬ ಅರ್ಥದ ಆ ‘ವೈಸ್’ ಮತ್ತು ಇಲ್ಲಿನದು ಒಂದೇ ಲ್ಯಾಟಿನ್ ಪದ. ವರ್ಸಾ ಎಂದರೆ ತಿರುಗಿದ್ದು. ‘ರಾಮ ಸೀತೆಯನ್ನು ಮೆಚ್ಚಿದ, ವೈಸ್ ವರ್ಸಾ’ ಎಂದರೆ ಸ್ಥಾನ ತಿರುಗಿಸಿ ‘ಸೀತೆ ರಾಮನನ್ನು’ ಎಂದು ಓದಿಕೊಳ್ಳಬೇಕು. ಅಡ್ ಹಾಕ್ ಎಂದರೆ ‘ಇದಕ್ಕಾಗಿ’. ಒಂದು ನಿರ್ದಿಷ್ಟ ಕೆಲಸಕ್ಕೆ ರಚಿಸಿದ ಸಮಿತಿ ಅಡ್ ಹಾಕ್ ಸಮಿತಿ. ಕೆಲಸ ಮುಗಿದೊಡನೆ ಅದು ವಿಸರ್ಜನೆಯಾಗುವುದರಿಂದ ‘ತಾತ್ಕಾಲಿಕ’ ಎಂಬ ಅರ್ಥ ಹಿಂಬಾಲಿಸಿ ಬಂತು. ಈ ಎರಡನ್ನೂ ಬಿಡಿಸಿಯೇ ಬರೆಯಬೇಕು. ನಡುವೆ ಅಡ್ಡಗೆರೆ ಬೇಡ.

ಇನ್ನು ಓರೆ ಅಕ್ಷರದ ಅನುಮಾನ. ಪರಭಾಷೆಯ ಪದವನ್ನು ಓರೆಯಾಗಿ ಅಚ್ಚು ಹಾಕುವುದು ಇಂಗ್ಲಿಷಿನ ರೂಢಿ. ಕೈಬರಹದಲ್ಲಿ ಅದರ ಬದಲು ಅಡಿಗೆರೆ ಎಳೆಯುತ್ತೇವೆ. ಆದರೆ ಸಾಮಾನ್ಯ ಇಂಗ್ಲಿಷ್ ನಿಘಂಟಿನಲ್ಲಿ ಮನೆಮಾತಿನಂತೆ ಸೇರಿಹೋದ ಪದ ಪರಭಾಷೆಯದಾಗಿ ಉಳಿಯುವುದಿಲ್ಲ. ಅಮೆರಿಕದ ‘ಶಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್’ ಪರಿಚಿತ ಲ್ಯಾಟಿನ್ ಪದಗಳಿಗೆ ಓರೆ ಅಕ್ಷರ ಬೇಡವೆನ್ನುತ್ತದೆ. ಉದ್ಧರಣೆಯ ನಡುವೆ ‘ಮೂಲದಲ್ಲಿ ಹೀಗೆಯೇ ಇದೆ’ ಎಂದು ಸೂಚಿಸುವ ‘ಸಿಕ್’ ಎಂಬ ಪದವನ್ನು ಮಾತ್ರ ಓರೆಯಾಗಿಡಲು ಹೇಳುತ್ತದೆ. ನಮ್ಮ ನಾಲ್ಕೂ ನೇರ ಅಕ್ಷರದಲ್ಲೇ ಇರಲಿ. ಒಂದು ಪತ್ರಿಕೆ ಅಥವಾ ಪ್ರಕಾಶಕರ ಶೈಲಿ ಬೇರೆಯಿದ್ದರೆ ಅಲ್ಲಿಗೆ ಬರೆಯುವಾಗ ಅದನ್ನು ಅನುಸರಿಸಿದರಾಯಿತು.

ಮರುದಿನದ ಪಾಠಯೋಜನೆಯಲ್ಲಿ ಪ್ರಶಿಕ್ಷಣಾರ್ಥಿ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಟ್ಟರು. ಹಲಗೆಯ ಮೇಲೆ ಪರ್ ಸೆಂಟ್‌ನ ಎರಡೂ ರೂಪ ಬರೆದು, “ನಿನ್ನೆ ನಾನು ತಪ್ಪು ತಿದ್ದಿದ್ದೆ, ಎರಡೂ ಸರಿ” ಎಂದು ತರಗತಿಗೆ ಹೇಳಿ, ಹುಡುಗಿಗೆ ಅರ್ಧ ಅಂಕ ಮರಳಿಸಿದರು. ಪರ್ ಸೇ ತಪ್ಪಾಗಿ ಬರೆದ ಹುಡುಗನ ಹೆಸರೆತ್ತದೆ, ಅದರ ಅರ್ಥ ಹೇಳಿ ಎಲ್ಲರಿಂದಲೂ ಮತ್ತೊಮ್ಮೆ ಬರೆಸಿದರು. ಆ ಹುಡುಗ ಈ ಬಾರಿ ಎರಡೇ ಅಕ್ಷರ ಬರೆದು, ಹಳೆಯ ಪುಟದಲ್ಲಿದ್ದ ಸರಿ ಗುರುತನ್ನು ತಾನೇ ಹೊಡೆದುಹಾಕಿದ. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಸೂಚನೆ ಇಷ್ಟೇ: ಕೆಂಪು ಶಾಯಿ ಹಿಡಿಯುವ ಮುನ್ನ ಅದು ತಪ್ಪೋ, ಮತ್ತೊಂದು ರೂಢಿಯೋ ಎಂದು ನಿಘಂಟು ತೆರೆದು ನೋಡುವುದು.