ಉರಿಮೂತ್ರ: ಪೆಟ್ಟಿಗೆಯ ಮಾತ್ರೆಗೆ ಕೈ ಹಾಕುವ ಮುನ್ನ

ಬಹ್ರೈನಿನ ವಿಮಾನ ನಿಲ್ದಾಣ ಇರುವುದು ಮುಹರ್ರಕ್ ದ್ವೀಪದಲ್ಲಿ. ಊರಿಂದ ಬಂದಿಳಿಯುವ ಕನ್ನಡಿಗರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆಗೆ ಒಂದು ಔಷಧದ ಪೊಟ್ಟಣವೂ ಇರುವುದು ಸಾಮಾನ್ಯ. ಜ್ವರಕ್ಕೆ ಪ್ಯಾರಾಸಿಟಮಾಲ್, ಗ್ಯಾಸ್ಟ್ರಿಕ್‌ಗೆ ಒಂದು ಸ್ಟ್ರಿಪ್, 'ಯಾವುದಕ್ಕೂ ಇರಲಿ' ಎಂದು ಸಿಪ್ರೊಫ್ಲಾಕ್ಸಾಸಿನ್ ಅಥವಾ ನಾರ್‌ಫ್ಲಾಕ್ಸಾಸಿನ್. ಹೆಂಗಸರಿಗೆ ಮೂತ್ರ ಮಾಡುವಾಗ ಉರಿ, ಹತ್ತು ನಿಮಿಷಕ್ಕೊಮ್ಮೆ ಹೋಗಬೇಕೆನಿಸುವುದು ಶುರುವಾದರೆ ಮೊದಲು ಕೈ ಹೋಗುವುದು ಆ ಕೊನೆಯ ಸ್ಟ್ರಿಪ್ಪಿಗೆ. ಮೂತ್ರಕೋಶದ ಸೋಂಕಿಗೆ ಆಂಟಿಬಯಾಟಿಕ್ ಬೇಕಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉರಿಯೆಲ್ಲ ಸೋಂಕಲ್ಲ, ಸೋಂಕೇ ಆಗಿದ್ದರೂ ಅದಕ್ಕೆ ತಕ್ಕ ಮಾತ್ರೆ ಪೆಟ್ಟಿಗೆಯಲ್ಲಿರುವುದಲ್ಲ. ಇವೆರಡನ್ನು ತಿಳಿಯಲು ಬಹುಪಾಲು ಸಲ ಲ್ಯಾಬ್ ರಿಪೋರ್ಟಿಗಿಂತ ನಿಮ್ಮ ಲಕ್ಷಣಗಳೇ ಹೆಚ್ಚು ನೆರವಿಗೆ ಬರುತ್ತವೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಉರಿ ಎಲ್ಲಿ ಎಂದು. ಮೂತ್ರಕೋಶದ ಸೋಂಕಿನಲ್ಲಿ ಉರಿ ಒಳಗೆ, ಮೂತ್ರ ಹೊರಡುವ ದಾರಿಯಲ್ಲಿ ಆಗುತ್ತದೆ. ಮುಗಿಯುವ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಗುತ್ತದೆ. ಹೋದರೆ ನಾಲ್ಕು ಹನಿ, ಬಂದು ಕೂತರೆ ಮತ್ತೆ ಹೋಗಬೇಕೆನಿಸುತ್ತದೆ. ಹಿಂದೆ ಇಲ್ಲದಿದ್ದವರಿಗೂ ರಾತ್ರಿ ಎರಡು ಮೂರು ಬಾರಿ ಎಚ್ಚರವಾಗುತ್ತದೆ, ಮೂತ್ರ ಕದಡಿದಂತೆ ಕಾಣುತ್ತದೆ. ಮೂತ್ರ ಹೊರಬಂದು ಚರ್ಮಕ್ಕೆ ತಾಗಿದಾಗ ಮಾತ್ರ ಉರಿಯುವುದಾದರೆ, ಜೊತೆಗೆ ತುರಿಕೆ, ಬಿಳಿಸೆರಗು ಅಥವಾ ವಾಸನೆಯ ಸ್ರಾವ ಇದ್ದರೆ ತೊಂದರೆ ಬಹುಶಃ ಯೋನಿಯಲ್ಲಿದೆ. ಅದು ಶಿಲೀಂಧ್ರದ ಸೋಂಕಾದರೆ ಆಂಟಿಬಯಾಟಿಕ್ ಅದನ್ನು ಹೆಚ್ಚಿಸಬಲ್ಲದು. ಗುಳ್ಳೆ, ಹುಣ್ಣು ಕಂಡರೆ ಅಥವಾ ಲೈಂಗಿಕ ಸೋಂಕಿನ ಸಂಶಯವಿದ್ದರೆ ಪರೀಕ್ಷೆಯೇ ಬೇರೆ, ಔಷಧವೂ ಬೇರೆ. ಮುಟ್ಟು ನಿಂತವರಲ್ಲಿ ಆ ಭಾಗದ ಚರ್ಮ ಒಣಗಿ ತೆಳ್ಳಗಾಗುವುದರಿಂದಲೂ ಇಂಥದೇ ಉರಿ ಬರುತ್ತದೆ. ಈ ಒಂದು ಪ್ರಶ್ನೆಯ ತೂಕವನ್ನು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 2002ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ತೋರಿಸಿತು: ಉರಿಯೂ ಪದೇ ಪದೇ ಹೋಗಬೇಕೆನಿಸುವುದೂ ಎರಡೂ ಇದ್ದು, ಸ್ರಾವ ಮತ್ತು ತುರಿಕೆ ಇಲ್ಲದ ಮಹಿಳೆಯರಲ್ಲಿ ಮೂತ್ರದ ಸೋಂಕೇ ಇರುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಹೆಚ್ಚು. ಯಾವುದಾದರೂ ಒಂದೇ ಲಕ್ಷಣ ಇದ್ದವರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

'ಇದು ಉಷ್ಣ, ಇಲ್ಲಿನ ಸೆಕೆಗೆ ಹೀಗೆಯೇ' ಎನ್ನುವವರ ಮಾತನ್ನು ತಳ್ಳಿಹಾಕಬೇಕಿಲ್ಲ. ಮುಹರ್ರಕ್‌ನ ಆಗಸ್ಟಿನ ಬಿಸಿಲು, ಕಡಲ ತೇವದಲ್ಲಿ ಬೆವರು ಹರಿದುಹೋದರೆ ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುತ್ತದೆ, ಸ್ವಲ್ಪ ಉರಿಯುತ್ತದೆ ಕೂಡ. ಆದರೆ ಆ ಉರಿ ಇರುವವರಿಗೆ ಪದೇ ಪದೇ ಹೋಗಬೇಕೆನಿಸುವುದಿಲ್ಲ, ದಿನಕ್ಕೆ ಎರಡು ಮೂರು ಸಲ ಹೋದರೆ ಹೆಚ್ಚು. ಬಾರ್ಲಿ ನೀರು, ಬೊಂಡ, ಜೀರಿಗೆ ಕಷಾಯ ಕುಡಿದು ಮೂತ್ರ ತಿಳಿಯಾದೊಡನೆ ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ. ತಿಳಿಯಾದ ಮೇಲೂ ಉರಿ ಉಳಿದು, ಅವಸರ ಹೆಚ್ಚಿದರೆ ಅದನ್ನು ಉಷ್ಣದ ಲೆಕ್ಕಕ್ಕೆ ಸೇರಿಸಿ ದಿನ ಕಳೆಯಬಾರದು.

ಎರಡನೆಯ ಪ್ರಶ್ನೆ, ಸೋಂಕು ಮೂತ್ರಕೋಶದಲ್ಲೇ ಇದೆಯೋ, ಮೇಲೇರಿದೆಯೋ ಎಂಬುದು. ಜ್ವರ, ಮೈ ನಡುಗಿಸುವ ಚಳಿ, ವಾಂತಿ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ನೋವು: ಇವುಗಳಲ್ಲಿ ಯಾವುದು ಕಂಡರೂ ಕಿಡ್ನಿಗೆ ತಾಗಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಹರ್ರಕ್‌ನವರಿಗೆ ಬುಸೈತೀನ್‌ನಲ್ಲಿರುವ ಕಿಂಗ್ ಹಮದ್ ವಿಶ್ವವಿದ್ಯಾಲಯ ಆಸ್ಪತ್ರೆ ಹತ್ತಿರ, ತುರ್ತಿಗೆ 999 ಇದೆ. ಗರ್ಭಿಣಿಯರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು, ಕಿಡ್ನಿ ಕಲ್ಲು ಅಥವಾ ಕಿಡ್ನಿ ದುರ್ಬಲತೆ ಇರುವವರು, ಕ್ಯಾತಿಟರ್ ಹಾಕಿಸಿಕೊಂಡವರು ಬರೀ ಉರಿಯಿದ್ದರೂ ಕಾಯದೆ ವೈದ್ಯರನ್ನು ಕಾಣಬೇಕು. ಸಾಧಾರಣ ಸೋಂಕು ಎಂಬ ಹೆಸರು ಇವರಿಗೆ ಅನ್ವಯಿಸುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಮುಹರ್ರಕ್‌ನ ಅಂಗಡಿಯೊಂದರಲ್ಲಿ ಇಡೀ ದಿನ ನಿಂತು ಕೆಲಸ ಮಾಡುವ ಮೂವತ್ತನಾಲ್ಕರ ಹೆಣ್ಣುಮಗಳು, ಒಂದು ತಿಂಗಳ ಹಿಂದೆ ಊರಿಗೆ ಹೋಗಿ ಬಂದವಳು ಎಂದುಕೊಳ್ಳಿ. ರಾತ್ರಿ ನಾಲ್ಕು ಸಲ ಎದ್ದಿದ್ದಾಳೆ. ಒಳಗೆ ಉರಿ, ಕದಡಿದ ಮೂತ್ರ. ಸ್ರಾವವಿಲ್ಲ, ಜ್ವರವಿಲ್ಲ, ಬೆನ್ನುನೋವಿಲ್ಲ, ಮುಟ್ಟು ಸರಿಯಾದ ದಿನಕ್ಕೆ ಆಗಿದೆ. ಬೆಳಗ್ಗೆ ಹೆಲ್ತ್ ಸೆಂಟರಿನಲ್ಲಿ ಮೂತ್ರಕ್ಕೆ ಬಣ್ಣದ ಪಟ್ಟಿ ಅದ್ದಿ ನೋಡುತ್ತಾರೆ. ನೈಟ್ರೈಟ್ ಚೌಕ ಗುಲಾಬಿಯಾಗದೆ ಹಾಗೇ ಉಳಿಯುತ್ತದೆ. 'ಹಾಗಾದರೆ ಸೋಂಕಿಲ್ಲ' ಎಂದು ಆಕೆ ಎದ್ದು ಬರಬಾರದು. ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸಲು ಮೂತ್ರ ಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು. ಅರ್ಧ ಗಂಟೆಗೊಮ್ಮೆ ಹೋಗುತ್ತಿರುವವಳಲ್ಲಿ ಅದು ನಿಲ್ಲುವುದೇ ಇಲ್ಲ. ಇಂಥ ಸ್ಪಷ್ಟ ಲಕ್ಷಣವಿರುವವಳ ಮೊದಲ ಸೋಂಕಿಗೆ ಕಲ್ಚರ್ ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಊರಿಗೆ ಹೋಗಿ ಬಂದದ್ದನ್ನು ಆಕೆ ವೈದ್ಯರಿಗೆ ಹೇಳಲೇಬೇಕು. ದಕ್ಷಿಣ ಏಷ್ಯಾಕ್ಕೆ ಹೋಗಿ ಬಂದ ಡಚ್ ಪ್ರವಾಸಿಗರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಮುಕ್ಕಾಲು ಪಾಲು ಮಂದಿ ಹಲವು ಆಂಟಿಬಯಾಟಿಕ್‌ಗಳಿಗೆ ಮಣಿಯದ ಕರುಳಿನ ಬ್ಯಾಕ್ಟೀರಿಯಾವನ್ನು ಹೊತ್ತು ತಂದಿದ್ದರು. ಮೂತ್ರಕ್ಕೆ ಸೋಂಕು ಬರುವುದು ಹೆಚ್ಚಾಗಿ ಆ ಕರುಳಿನಿಂದಲೇ. ಹಾಗಾಗಿ ಈಕೆಯ ವಿಷಯದಲ್ಲಿ ವೈದ್ಯರು ಕಲ್ಚರ್ ಕೇಳಿದರೆ ಅದಕ್ಕೆ ಅರ್ಥವಿದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಬಾಟಲಿಯಲ್ಲಿ ಹಿಡಿಯಬೇಕು, ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾತ್ರೆ ಶುರುಮಾಡುವ ಮೊದಲೇ ಕೊಡಬೇಕು. ಪೆಟ್ಟಿಗೆಯ ಮಾತ್ರೆ ಎರಡು ನುಂಗಿ ಬಂದವಳ ಕಲ್ಚರಿನಲ್ಲಿ ಏನೂ ಬೆಳೆಯದೆ, ಸೋಂಕು ಮಾತ್ರ ಹಾಗೇ ಉಳಿದಿರಬಹುದು.

ಆ ಮಾತ್ರೆಯ ಮೇಲೆ ನನಗಿರುವ ಆಕ್ಷೇಪ ಇಷ್ಟಕ್ಕೇ ನಿಲ್ಲುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧಗಳು ಸ್ನಾಯುರಜ್ಜು ಮತ್ತು ನರಗಳಿಗೆ ಶಾಶ್ವತ ಹಾನಿ ಮಾಡಬಲ್ಲವು. ಬೇರೆ ಔಷಧ ಸಾಧ್ಯವಿದ್ದಾಗ ಸಾಧಾರಣ ಮೂತ್ರ ಸೋಂಕಿಗೆ ಇವುಗಳನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿತು. ಭಾರತದಲ್ಲಿ ಈ ಗುಂಪಿಗೆ ಮಣಿಯದ ಇ. ಕೋಲೈ ಈಗ ತೀರಾ ಸಾಮಾನ್ಯ. 'ಹೋದ ಸಲ ಇದರಲ್ಲೇ ವಾಸಿಯಾಯಿತಲ್ಲ' ಎಂಬುದಕ್ಕೆ ಉತ್ತರ ಇಷ್ಟೇ: ಸಾಧಾರಣ ಸೋಂಕು ಎಷ್ಟೋ ಜನರಲ್ಲಿ ಯಾವ ಔಷಧವೂ ಇಲ್ಲದೆ ಇಳಿಯುತ್ತದೆ, ಹೋದ ಸಲ ಗುಣ ಮಾಡಿದ್ದು ಮಾತ್ರೆಯೋ ದೇಹವೋ ಹೇಳಲಾಗದು.

ತಾನಾಗಿ ಇಳಿಯುವುದಾದರೆ ಆಂಟಿಬಯಾಟಿಕ್ ಏಕೆ ಬೇಕು ಎಂಬ ಪ್ರಶ್ನೆ ಆಗ ಏಳುತ್ತದೆ. ಜರ್ಮನಿಯಲ್ಲಿ ಸುಮಾರು 500 ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಅರ್ಧದಷ್ಟು ಜನರಿಗೆ ಆಂಟಿಬಯಾಟಿಕ್, ಉಳಿದವರಿಗೆ ಮೂರು ದಿನ ನೋವಿನ ಮಾತ್ರೆ ಐಬುಪ್ರೊಫೆನ್. ನೋವಿನ ಮಾತ್ರೆ ಪಡೆದವರಲ್ಲಿ ಸುಮಾರು ಮೂರನೇ ಎರಡು ಭಾಗ ಆಂಟಿಬಯಾಟಿಕ್ ಇಲ್ಲದೆ ಚೇತರಿಸಿಕೊಂಡರು. ಆದರೆ ಅವರು ಹೆಚ್ಚು ದಿನ ನರಳಿದರು. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿ ಕಿಡ್ನಿಗೆ ಸೋಂಕು ಏರಿದ ಕೆಲವರೆಲ್ಲ ನೋವಿನ ಮಾತ್ರೆಯ ಗುಂಪಿನವರೇ. ಇದರಿಂದ ನಾನು ತೆಗೆಯುವ ತೀರ್ಮಾನ ಹೀಗೆ. ಲಕ್ಷಣ ತೀರಾ ಹಗುರವಾಗಿದ್ದು, ಬೇರೆ ಕಾಯಿಲೆಯಿಲ್ಲದ, ಗರ್ಭಿಣಿಯಲ್ಲದ ಮಹಿಳೆ ವೈದ್ಯರೊಡನೆ ಮಾತಾಡಿ, ಚೀಟಿಯನ್ನು ಕೈಯಲ್ಲಿಟ್ಟುಕೊಂಡು 48 ಗಂಟೆ ಕಾಯಬಹುದು. ಬ್ರಿಟನ್ನಿನ ಮಾರ್ಗಸೂಚಿಯೂ ಇದಕ್ಕೆ ಅವಕಾಶ ಕೊಡುತ್ತದೆ. ಉರಿ ಹೆಚ್ಚಿದರೆ ಅಥವಾ ಎರಡು ದಿನದಲ್ಲಿ ಇಳಿಯದಿದ್ದರೆ ಮಾತ್ರೆ ಶುರುಮಾಡಬೇಕು. ರಾತ್ರಿಯಿಡೀ ನಿದ್ದೆಗೆಟ್ಟ ನಮ್ಮ ಉದಾಹರಣೆಯ ಹೆಣ್ಣುಮಗಳು ಕಾಯಬೇಕಿಲ್ಲ, ಅವಳಿಗೆ ಆಂಟಿಬಯಾಟಿಕ್ ನಿಜಕ್ಕೂ ಬೇಕು.

ಆದರೆ ಅದು ಮೂತ್ರಕೋಶಕ್ಕಷ್ಟೇ ಕೆಲಸ ಮಾಡುವ, ಅಲ್ಪಾವಧಿಯ ಔಷಧವಾಗಿರಬೇಕು. ಸಾಮಾನ್ಯವಾಗಿ ಮೊದಲ ಆಯ್ಕೆ ನೈಟ್ರೋಫ್ಯುರಾಂಟಾಯಿನ್: ನಿಧಾನವಾಗಿ ಬಿಡುಗಡೆಯಾಗುವ 100 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆರಡು ಬಾರಿ, ಐದು ದಿನ. ಬ್ರಿಟನ್ನಿನಲ್ಲಿ ಮೂರೇ ದಿನ ಕೊಡುತ್ತಾರೆ. ಇನ್ನೊಂದು ಆಯ್ಕೆ ಫಾಸ್ಫೋಮೈಸಿನ್, ನೀರಿಗೆ ಕಲಸಿ ಒಮ್ಮೆ ಮಾತ್ರ ಕುಡಿಯುವ 3 ಗ್ರಾಂ ಪುಡಿ. ನೈಟ್ರೋಫ್ಯುರಾಂಟಾಯಿನ್ ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರಕ್ಕೆ ಇಳಿಯುತ್ತದೆ. ಆದ್ದರಿಂದಲೇ ಕಿಡ್ನಿಯ ಸೋಂಕಿಗೆ ಅದು ಸಾಲದು. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ, ಮೈಗೆ ಹತ್ತುವುದೂ ಹೆಚ್ಚು. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಉರಿ ತಣಿಸಲೆಂದು ನಮ್ಮಲ್ಲಿ ಕೊಡುವ ಸಿಟ್ರೇಟ್ ಸಿರಪ್ ಮೂತ್ರದ ಆಮ್ಲತೆಯನ್ನು ಕಡಿಮೆ ಮಾಡುತ್ತದೆ, ಈ ಔಷಧಕ್ಕೆ ಆಮ್ಲತೆಯೇ ಬೇಕು. ಎರಡನ್ನೂ ಒಟ್ಟಿಗೆ ಕುಡಿದರೆ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಇನ್ನೊಂದು, ಜಿ6ಪಿಡಿ ಕೊರತೆಯನ್ನು ವೈದ್ಯರಿಗೆ ಹೇಳದಿರುವುದು. ಬಹ್ರೈನಿನಲ್ಲಿ ತೀರಾ ಸಾಮಾನ್ಯವಾಗಿರುವ, ಭಾರತದಲ್ಲೂ ಕೆಲವರಲ್ಲಿರುವ ಈ ವಂಶವಾಹಿ ಕೊರತೆಯವರಿಗೆ ನೈಟ್ರೋಫ್ಯುರಾಂಟಾಯಿನ್ ಕೊಟ್ಟರೆ ರಕ್ತಕಣಗಳು ಒಡೆದುಹೋಗಬಹುದು. ನಿಮಗೋ ಮನೆಯವರಿಗೋ ಅದು ಇದೆಯೆಂದು ಗೊತ್ತಿದ್ದರೆ, ಇಲ್ಲಿನ ಬೆಳಗಿನ ತಿಂಡಿಯ ಫೂಲ್ ಕಾಳು ತಿಂದು ಯಾರಿಗಾದರೂ ಕಾಮಾಲೆಯಾಗಿದ್ದರೆ, ವೈದ್ಯರು ಕೇಳುವ ಮುನ್ನವೇ ಹೇಳಿ. ಕಿಡ್ನಿ ದುರ್ಬಲವಿದ್ದವರಿಗೆ, ದಿನ ತುಂಬಿದ ಗರ್ಭಿಣಿಯರಿಗೂ ಇದು ಸಲ್ಲದು.

ಸರಿಯಾದ ಮಾತ್ರೆ ಬಿದ್ದರೆ ಒಂದೆರಡು ದಿನದಲ್ಲಿ ಉರಿ ಇಳಿಯತೊಡಗುತ್ತದೆ. 48 ಗಂಟೆಯಾದರೂ ಇಳಿಯದಿದ್ದರೆ ಮಾತ್ರೆ ಬದಲಿಸಲು ಫಾರ್ಮಸಿಗೆ ಓಡದೆ ಕಲ್ಚರ್ ಮಾಡಿಸಿ. ಸೋಂಕಿನ ದಿನಗಳಲ್ಲಿ ಮೂತ್ರದಲ್ಲಿ ಸ್ವಲ್ಪ ರಕ್ತ ಕಾಣುವುದುಂಟು. ಗುಣವಾದ ಮೇಲೂ ಅದು ಉಳಿದರೆ ಬೇರೆಯೇ ತಪಾಸಣೆ ಬೇಕು. ಮೇಲಿಂದ ಮೇಲೆ ಬರುವವರಿಗೆ ನೀರು ನಿಜಕ್ಕೂ ಔಷಧ: ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಇನ್ನೂ ಒಂದೂವರೆ ಲೀಟರ್ ಹೆಚ್ಚು ಕುಡಿಸಿದಾಗ, ಅವರಿಗೆ ಸೋಂಕು ಸರಾಸರಿ 1.7 ಸಲ ಬಂತು, ಉಳಿದವರಿಗೆ 3.2 ಸಲ ಎಂದು 2018ರ ಅಧ್ಯಯನವೊಂದು ಹೇಳಿದೆ. ಶೌಚಾಲಯ ದೂರವೆಂದು ಅಂಗಡಿಯಲ್ಲಿ ನೀರು ಮುಟ್ಟದೆ ಇರುವವರು ಬಾಟಲಿಯೊಂದನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಉಳಿಯುವುದು ಲ್ಯಾಬ್ ರಿಪೋರ್ಟು. ಉರಿ ಹೋದ ಮೇಲೆ 'ಪೂರ್ತಿ ಹೋಯಿತೋ ನೋಡೋಣ' ಎಂದು ಮತ್ತೆ ಮೂತ್ರ ಪರೀಕ್ಷೆ ಮಾಡಿಸುವವರಿದ್ದಾರೆ. ವೀಸಾಕ್ಕೋ ಕೆಲಸಕ್ಕೋ ಮಾಡಿಸಿದ ಪರೀಕ್ಷೆಯಲ್ಲಿ 'ಪಸ್ ಸೆಲ್ಸ್ 8ರಿಂದ 10' ಎಂದು ಕಂಡು ಮಾತ್ರೆ ಕೇಳುವವರೂ ಇದ್ದಾರೆ. ಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಎಷ್ಟೋ ಆರೋಗ್ಯವಂತ ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರು ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಕಾಣುವ ಸಂಗತಿ. ಪದೇ ಪದೇ ಸೋಂಕಾಗುವ ಯುವತಿಯರಲ್ಲಿ ಹೀಗೆ ಸುಮ್ಮನಿರುವ ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟು ನೋಡಿದ ಇಟಲಿಯ 2012ರ ಅಧ್ಯಯನದಲ್ಲಿ, ಔಷಧ ಪಡೆದವರಿಗೇ ಮುಂದೆ ಹೆಚ್ಚು ಸೋಂಕಾಯಿತು. ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಮಾತ್ರ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕಾಗುತ್ತದೆ. ಐದನೆಯ ದಿನ ನಮ್ಮ ಹೆಣ್ಣುಮಗಳು ಉರಿಯಿಲ್ಲದೆ ನಿದ್ದೆ ಮಾಡಿ ಎದ್ದಿದ್ದರೆ, ಅವಳು ಇನ್ನೊಂದು ಬಾಟಲಿ ತುಂಬಿಸಿ ಲ್ಯಾಬಿಗೆ ಒಯ್ಯಬೇಕಾದ ಕಾರಣವಿಲ್ಲ.